ಯುವಜನರಲ್ಲಿ ಓದುವ ಹವ್ಯಾಸ: ಮಾದರಿ ಉತ್ತರ

ಪ್ರಶ್ನೆ: ವಾಚನಾ ವಾರದ ಅಂಗವಾಗಿ ನಿಮ್ಮ ಶಾಲೆಯಲ್ಲಿ ಹೊರತರುವ ಸಂಚಿಕೆಗೆ ‘ಯುವಜನರಲ್ಲಿ ಓದುವ ಹವ್ಯಾಸ’ ಎಂಬ ವಿಷಯದ ಕುರಿತು ಒಂದು ಲೇಖನ ಬರೆಯಿರಿ. ನಿಮ್ಮ ಊರಿನ ಅನುಭವವನ್ನೂ ಸೇರಿಸಿರಿ.

ಉತ್ತರ:

ಪುಸ್ತಕ ಕೈಗೆ ಸಿಗುವಲ್ಲಿರಲಿ

ಕಳೆದ ಜೂನ್‌ನಲ್ಲಿ ನಮ್ಮೂರಿನ ವಾಚನಾಲಯದಿಂದ ಒಂದು ಕಥಾ ಸಂಕಲನ ತಂದೆ. ಹಿಂದಿನ ರಟ್ಟಿನ ಒಳಗೆ ತಾರೀಕು ಹಾಕುವ ಚೀಟಿ ಅಂಟಿಸಿತ್ತು. ಮೇಲಿನ ಸಾಲುಗಳಲ್ಲಿ ನೇರಳೆ ಶಾಯಿಯ ಮೊಹರುಗಳು ಒತ್ತೊತ್ತಾಗಿದ್ದವು. 1994ರಲ್ಲಿ ಒಂದೇ ವರ್ಷ ಏಳು ಜನ ಅದನ್ನು ಮನೆಗೆ ಒಯ್ದಿದ್ದರು. ಆಮೇಲೆ ಮೊಹರುಗಳು ವಿರಳವಾಗುತ್ತಾ ಬಂದು 2008ಕ್ಕೆ ನಿಂತಿದ್ದವು. ಅದರ ಕೆಳಗೆ ಬರೀ ಖಾಲಿ ಗೆರೆಗಳು. ಅಂದರೆ ನಾನು ಹುಟ್ಟಿದ ಮೇಲೆ ಆ ಪುಸ್ತಕವನ್ನು ಯಾರೂ ಓದಲು ಒಯ್ದಿರಲಿಲ್ಲ. ಪುಸ್ತಕ ಚೆನ್ನಾಗಿಲ್ಲ ಎಂದಲ್ಲ. ಎರಡೇ ದಿನದಲ್ಲಿ ಅದನ್ನು ಮುಗಿಸಿದೆ.

‘ಈಗಿನ ಮಕ್ಕಳು ಓದುವುದೇ ಇಲ್ಲ’ ಎಂದು ಹಿರಿಯರು ಹೇಳುವಾಗ ನನಗೆ ಈ ಚೀಟಿ ನೆನಪಾಗುತ್ತದೆ. ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಾವು ದಿನವಿಡೀ ಏನಾದರೂ ಓದುತ್ತಲೇ ಇರುತ್ತೇವೆ. ಮೆಸೇಜು, ಸುದ್ದಿಯ ತಲೆಬರಹ, ವಿಡಿಯೋದ ಕೆಳಗಿನ ಸಾಲು, ಕ್ರಿಕೆಟ್ ಸ್ಕೋರು. ಆದರೆ ಇದೆಲ್ಲ ಕಣ್ಣು ಓಡಿಸುವ ಓದು. ಒಬ್ಬ ಲೇಖಕ ನೂರು ಪುಟ ಕೈಹಿಡಿದು ಕರೆದುಕೊಂಡು ಹೋದರೆ ಜೊತೆಗೆ ನಡೆಯುವ ತಾಳ್ಮೆ ನಮ್ಮಲ್ಲಿ ಕಡಿಮೆಯಾಗಿದೆ. ಇದನ್ನು ನಾನು ನನ್ನಲ್ಲೇ ಕಂಡಿದ್ದೇನೆ. ಹತ್ತನೇ ತರಗತಿಯ ರಜೆಯಲ್ಲಿ ಒಂದು ಕಾದಂಬರಿ ಹಿಡಿದು ಕೂತರೆ ಮೂರನೇ ಪುಟಕ್ಕೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಅಕ್ಕ ಒಂದು ಉಪಾಯ ಹೇಳಿದಳು: ‘ಫೋನನ್ನು ಅಡುಗೆಮನೆಯಲ್ಲಿಟ್ಟು ಬಾ. ಇಪ್ಪತ್ತು ಪುಟ ದಾಟುವವರೆಗೆ ಸಹಿಸಿಕೋ. ಮತ್ತೆ ಪುಸ್ತಕವೇ ನಿನ್ನನ್ನು ಬಿಡುವುದಿಲ್ಲ.’ ಹಾಗೇ ಆಯಿತು.

ಓದು ಕಡಿಮೆಯಾಗಿದ್ದಕ್ಕೆ ಫೋನನ್ನಷ್ಟೇ ಬೈಯುವುದು ಸುಲಭ. ನನಗನಿಸುವಂತೆ ಬೇರೆ ಎರಡು ಕಾರಣಗಳೂ ಇವೆ. ಒಂದು, ಪುಸ್ತಕ ನಮ್ಮ ಕೈಗೆ ಸಿಗುವ ಜಾಗದಲ್ಲಿಲ್ಲ. ಫೋನು ದಿಂಬಿನ ಪಕ್ಕ ಇರುತ್ತದೆ, ಪುಸ್ತಕ ಬೀಗ ಹಾಕಿದ ಕಪಾಟಿನಲ್ಲಿರುತ್ತದೆ. ನಾನು ಮೊದಲು ಕಲಿತ ಶಾಲೆಯಲ್ಲಿ ಕಪಾಟಿನ ಕೀಲಿಕೈ ಯಾರ ಹತ್ತಿರ ಇದೆ ಎಂದು ತಿಳಿಯುವಷ್ಟರಲ್ಲಿ ವರ್ಷ ಮುಗಿದಿತ್ತು. ಗಾಜಿನ ಆಚೆ ಪುಸ್ತಕಗಳ ಬೆನ್ನು ಮಾತ್ರ ನೋಡಿದ್ದೇವೆ. ಇನ್ನೊಂದು, ಓದಿದ್ದರ ಬಗ್ಗೆ ಮಾತಾಡಲು ಜನ ಇಲ್ಲ. ಒಂದು ಸಿನಿಮಾ ನೋಡಿ ಬಂದರೆ ‘ಹೇಗುಂಟು?’ ಎಂದು ಹತ್ತು ಮಂದಿ ಕೇಳುತ್ತಾರೆ. ಪುಸ್ತಕ ಓದಿ ಮುಗಿಸಿದರೆ ಕೇಳುವವರು ಯಾರು? ಮನೆಯಲ್ಲಿ ಕೇಳುವುದು ‘ಪರೀಕ್ಷೆಗೆ ಓದಿದ್ದೀಯಾ?’ ಎಂದು ಮಾತ್ರ. ಓದು ಎಂದರೆ ಪಾಠಪುಸ್ತಕ ಎಂದೇ ಆಗಿಬಿಟ್ಟಿದೆ. ಇದೇ ನನಗೆ ತುಂಬ ಬೇಸರದ ಸಂಗತಿ.

ಹಿಂದೆ ಹಾಗಿರಲಿಲ್ಲ ಎಂದು ಅಜ್ಜಿ ಹೇಳುತ್ತಾರೆ. ಆಟಿ ತಿಂಗಳಲ್ಲಿ ಜಡಿಮಳೆ ಹೊಡೆಯುವಾಗ ತೋಟದ ಕೆಲಸ ಕಡಿಮೆ. ಸಂಜೆ ಚಾವಡಿಯಲ್ಲಿ ಒಬ್ಬರು ಪುರಾಣ ಓದುತ್ತಿದ್ದರು, ಒಬ್ಬರು ಅರ್ಥ ಹೇಳುತ್ತಿದ್ದರು. ಅಕ್ಷರ ಬಾರದವರೂ ಓದುಗರೇ ಆಗಿದ್ದರು. ನಮ್ಮ ತಾಳಮದ್ದಳೆಯನ್ನೇ ನೋಡಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕುಳಿತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಬರೆದುಕೊಟ್ಟ ಮಾತು ಒಂದೂ ಇರುವುದಿಲ್ಲ. ಎದುರಿನವರು ಕೃಷ್ಣನ ಪರವಾಗಿ ಯಾವ ಪ್ರಶ್ನೆ ಎತ್ತುತ್ತಾರೋ ಗೊತ್ತಿಲ್ಲ, ಕರ್ಣನಾಗಿ ಕೂತವರು ಆ ಕ್ಷಣದಲ್ಲೇ ಉತ್ತರ ಕೊಡಬೇಕು. ಓದಿಲ್ಲದವರು ಅಲ್ಲಿ ಹತ್ತು ನಿಮಿಷ ನಿಲ್ಲಲಾರರು. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನಾಡಿನ ಮಕ್ಕಳಿಗೆ ಓದು ಹೊರಗಿನಿಂದ ತಂದು ಕಲಿಸಬೇಕಾದ ವಿಷಯ ಅಲ್ಲ ಅಲ್ವಾ?

ಮಂಜೇಶ್ವರದ ಗೋವಿಂದ ಪೈಗಳ ವಿಷಯವೂ ಇಲ್ಲಿ ಹೇಳಲೇಬೇಕು. ಅವರು ಮದರಾಸಿನಲ್ಲಿ ಕಲಿಯುತ್ತಿದ್ದಾಗ ತಂದೆ ತೀರಿಕೊಂಡರು, ಪದವಿ ಪೂರ್ತಿ ಮಾಡದೆ ಊರಿಗೆ ಮರಳಿದರು. ಆದರೆ ಓದು ನಿಲ್ಲಿಸಲಿಲ್ಲ. ಮನೆಯಲ್ಲೇ ದೊಡ್ಡ ಪುಸ್ತಕ ಸಂಗ್ರಹ ಮಾಡಿದರು, ಹಲವು ಭಾಷೆಗಳನ್ನು ಕಲಿತರು, 1949ರಲ್ಲಿ ರಾಷ್ಟ್ರಕವಿಯಾದರು. ಮಾರ್ಕು ಮುಗಿದ ಮೇಲೂ ಓದಬಹುದು ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ನಾವಿರುವ ರಾಜ್ಯದಲ್ಲಿ ಓದಿಗೆ ಒಂದು ದಿನವನ್ನೇ ಮೀಸಲಿಟ್ಟಿದ್ದಾರೆ. ಜೂನ್ 19 ಪಿ.ಎನ್. ಪಣಿಕ್ಕರ್ ಅವರು ತೀರಿಕೊಂಡ ದಿನ. 1945ರಲ್ಲಿ ಅವರು ತಿರುವಿದಾಂಕೂರಿನ 47 ಗ್ರಾಮೀಣ ಗ್ರಂಥಾಲಯಗಳನ್ನು ಒಟ್ಟುಗೂಡಿಸಿ ಗ್ರಂಥಶಾಲಾ ಸಂಘ ಕಟ್ಟಿದರು. ಹಳ್ಳಿಹಳ್ಳಿಗೆ ನಡೆದು ಹೋಗಿ ‘ಓದಿ ಬೆಳೆಯಿರಿ’ ಎಂದರು. ಕೇರಳದ ಮೂಲೆಮೂಲೆಯಲ್ಲಿ ಇವತ್ತು ವಾಚನಾಲಯ ಕಾಣುವುದು ಅಂಥವರ ದುಡಿಮೆಯಿಂದ. ನಮ್ಮ ಶಾಲೆಗಳಲ್ಲಿ ಆ ದಿನ ಪ್ರತಿಜ್ಞೆ, ರಸಪ್ರಶ್ನೆ, ಪೋಸ್ಟರು ಎಲ್ಲ ಇರುತ್ತದೆ. ಅಷ್ಟು ಸಾಲದು. ವಾರ ಮುಗಿದ ಮೇಲೆ ಕಪಾಟಿಗೆ ಮತ್ತೆ ಬೀಗ ಬೀಳಬಾರದು.

ಕಾಸರಗೋಡಿನ ಕನ್ನಡದ ಹುಡುಗ ಹುಡುಗಿಯರಿಗೆ ಈ ಮಾತು ಇನ್ನೂ ಜಾಸ್ತಿ ಸಲ್ಲುತ್ತದೆ. 1956ರ ನವೆಂಬರ್ 1ರಿಂದ ನಾವು ಕೇರಳದವರು. ಮನೆಯಲ್ಲಿ ತುಳುವೋ ಕೊಂಕಣಿಯೋ ಮಲೆಯಾಳವೋ ಮರಾಟಿಯೋ ಬ್ಯಾರಿಯೋ ಹವ್ಯಕವೋ ಮಾತಾಡುತ್ತೇವೆ, ಶಾಲೆಯಲ್ಲಿ ಕನ್ನಡ ಓದುತ್ತೇವೆ. ಬಸ್ಸಿನ ಬೋರ್ಡು ಹೆಚ್ಚಾಗಿ ಮಲೆಯಾಳದಲ್ಲಿ, ಫೋನು ಇಂಗ್ಲಿಷಿನಲ್ಲಿ. ಹಾಗಾಗಿ ಕನ್ನಡ ಅಕ್ಷರ ಕಣ್ಣಿಗೆ ಬೀಳುವ ಜಾಗವೇ ಕಡಿಮೆ. ನಾವು ಮಲೆಯಾಳವನ್ನೂ ಓದಬೇಕು, ಅದು ನಮಗೆ ಸಿಕ್ಕಿದ ಭಾಗ್ಯ. ಆದರೆ ಕನ್ನಡ ಪುಸ್ತಕವನ್ನು ನಾವೇ ಕೇಳದಿದ್ದರೆ ವಾಚನಾಲಯದವರು ಯಾರಿಗಾಗಿ ತರಬೇಕು? ಅವರಿಗೆ ಸಿಗುವ ಅನುದಾನ ಇಷ್ಟೇ. ಓದುವವರು ಇರುವ ಪುಸ್ತಕಕ್ಕೇ ಅವರು ಹಣ ಹಾಕುವುದು ಸಹಜ. ಆ ಖಾಲಿ ಚೀಟಿ ಕಪಾಟಿನಲ್ಲಿ ಕನ್ನಡದ ಜಾಗವನ್ನು ಸಣ್ಣದು ಮಾಡುತ್ತಾ ಹೋಗುತ್ತದೆ.

ನಾವು ಐದು ಮಂದಿ ಗೆಳೆಯರು ಒಂದು ಸಣ್ಣ ಪ್ರಯತ್ನ ಮಾಡಿದೆವು. ದಿನಕ್ಕೆ ಹತ್ತು ಪುಟ, ಅದಕ್ಕಿಂತ ಕಡಿಮೆ ಇಲ್ಲ. ಇನ್ನೂರು ಪುಟದ ಪುಸ್ತಕ ಇಪ್ಪತ್ತು ದಿನಕ್ಕೆ ಮುಗಿಯುತ್ತದೆ, ವರ್ಷಕ್ಕೆ ಹದಿನೆಂಟು ಪುಸ್ತಕ ಆಗುತ್ತದೆ. ಓದಿದವರು ಬೆಳಗ್ಗೆ ಬಸ್ಸಿನಲ್ಲಿ ಕಥೆ ಹೇಳಬೇಕು, ಆದರೆ ಕೊನೆ ಹೇಳಬಾರದು. ಈ ನಿಯಮವೇ ಕೆಲಸ ಮಾಡಿತು. ನಾನು ತಂದ ಆ ಕಥಾ ಸಂಕಲನದ ಒಂದು ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ ದಿನ, ಓದು ಎಂದರೆ ಮುಖ ತಿರುಗಿಸುತ್ತಿದ್ದ ಗೆಳೆಯನೊಬ್ಬ ‘ಮತ್ತೆ ಎಂತ ಆಯ್ತು ಮಾರಾಯ?’ ಎಂದು ಸ್ಟಾಪ್ ಬರುವವರೆಗೂ ಪೀಡಿಸಿದ. ನಾನು ಹೇಳಲಿಲ್ಲ. ಸಂಜೆ ಅವನೇ ವಾಚನಾಲಯಕ್ಕೆ ಬಂದು ಸದಸ್ಯನಾದ.

ಈಗ ಆ ಚೀಟಿಯಲ್ಲಿ 2008ರ ಕೆಳಗೆ ಹೊಸದಾಗಿ ಐದು ಮೊಹರುಗಳಿವೆ. ಕಳೆದ ವಾರ ಗ್ರಂಥಪಾಲಕರು ನಮ್ಮನ್ನು ಕರೆದು ಒಂದು ಹಾಳೆ ಕೊಟ್ಟರು. ‘ಈ ವರ್ಷ ಕನ್ನಡದ್ದು ಯಾವ ಪುಸ್ತಕ ತರಿಸಬೇಕು, ನೀವೇ ಬರೆದು ಕೊಡಿ’ ಎಂದರು. ಹನ್ನೊಂದು ಹೆಸರು ಬರೆದಿದ್ದೇವೆ. ಹಾಳೆಯಲ್ಲಿ ಇನ್ನೂ ಜಾಗ ಇದೆ.