ಘಟಿಕೋತ್ಸವದ ಬೆಳಗಿನ ಪ್ರಾರ್ಥನೆ

ಓಂ ಶ್ರೀ ಗುರು ಬಸವಲಿಂಗಾಯ ನಮಃ.

ಸಂಗಮನಾಥಾ, ನನ್ನ ತಂದೆಯೇ,

ಕೃಷ್ಣೆ ಮಲಪ್ರಭೆ ಕೂಡುವಲ್ಲಿ ನೆಲೆ ನಿಂತವನೇ, ಇಂದು ಬಾಗಲಕೋಟೆಯ ಉದ್ಯಾನಗಿರಿಯಲ್ಲಿ ನನಗೆ ಪದವಿ ಕೊಡುತ್ತಾರೆ. ಬಿ.ಎಸ್ಸಿ. ಆನರ್ಸ್, ತೋಟಗಾರಿಕೆ. ಪದಕ ಬಂದವರು ವೇದಿಕೆ ಹತ್ತುತ್ತಾರೆ. ನನ್ನಂಥವರು ಸಾಲಾಗಿ ಎದ್ದು ನಿಂತು, ಪ್ರತಿಜ್ಞೆ ಹೇಳಿ ಕುಳಿತರೆ ಮುಗಿಯಿತು. ಅಲ್ಲಿ ಅಪ್ಪ ಅವ್ವನ ಹೆಸರೆತ್ತಲು ಪುರಸೊತ್ತಿಲ್ಲ. ಅದಕ್ಕೇ ಬೆಳಗಾಗುವ ಮೊದಲೇ ಹಣೆಗೆ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನಿನ್ನೆದುರು ಕುಳಿತಿದ್ದೇನೆ. ನಿಧಾನವಾಗಿ ಹೇಳುತ್ತೇನೆ, ಕೇಳು.

ಮೊದಲು ಅಪ್ಪ.

ತಿಕೋಟಾ ಸೀಮೆಯ ಎರಡೂವರೆ ಎಕರೆ ದ್ರಾಕ್ಷಿ ಪಡದಲ್ಲಿ ವರ್ಷಕ್ಕೆ ಎರಡು ಸಲ ಬಳ್ಳಿಯ ಕಡ್ಡಿ ಕತ್ತರಿಸುವ ಚಾಟ್ನಿ. ಏಪ್ರಿಲ್ ಚಾಟ್ನಿ ಕಡ್ಡಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಏಪ್ರಿಲ್‌ನಲ್ಲಿ ಮಾಡಿದ ಖರ್ಚಿಗೆ ಫಲ ಮುಂದಿನ ಮಾರ್ಚಿನವರೆಗೆ ಕಣ್ಣಿಗೆ ಬೀಳುವುದಿಲ್ಲ. ಬೇಸಿಗೆಯ ಬಿಸಿಲಲ್ಲಿ ಹೊಸ ಕಡ್ಡಿಯ ಕಣ್ಣಿನೊಳಗೆ ಗೊನೆ ಕಟ್ಟುವ ಕೆಲಸ ನಡೆದಿರುತ್ತದೆ. ಹೊರಗಿನಿಂದ ನೋಡಿದವರಿಗೆ ಬರೀ ಎಲೆ. ಆ ಹೊತ್ತಿನಲ್ಲಿ ಮೋಡ ಕವಿದರೂ, ನೀರು ಗೊಬ್ಬರ ಹೆಚ್ಚು ಕಡಿಮೆಯಾದರೂ ಅಕ್ಟೋಬರ್‌ನಲ್ಲಿ ಗೊನೆ ಕಡಿಮೆ. ಕಾಣದ ಫಲಕ್ಕೆ ರೊಕ್ಕ ಹಾಕಿ ಕಾಯುವುದು ಅಪ್ಪನಿಗೆ ರೂಢಿ. ನನ್ನ ಓದಿಗೂ ಹಾಗೆಯೇ ಹಾಕಿದ, ಹಾಗೆಯೇ ಕಾದ. ನಡುವೆ ಒಮ್ಮೆಯೂ ಅಗೆದು ನೋಡಲಿಲ್ಲ.

2023ರ ಬರದಲ್ಲಿ ಬೋರಿನ ನೀರು ಪಡಕ್ಕೆ ಸಾಲದೆ ಟ್ಯಾಂಕರ್ ತರಿಸಿ ಡ್ರಿಪ್ಪಿಗೆ ಬಿಟ್ಟ. ಬಳ್ಳಿಯನ್ನು ಬದುಕಿಸುವಷ್ಟು, ಬೆಳೆಸುವಷ್ಟಲ್ಲ. ಅದೇ ವರ್ಷ ಕಾಲೇಜಿನ ಶುಲ್ಕ, ವಸತಿ ನಿಲಯದ ಊಟದ ಬಿಲ್ಲು ಯಾವುದೂ ತಡವಾಗಲಿಲ್ಲ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಹೆಚ್ಚುಕಡಿಮೆ ಒಂದು ಕಿಲೋ ಮಣೂಕ. ಅದನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರ ಏರುವವರೆಗೆ ತಡೆಯುವುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಸೆಮಿಸ್ಟರ್ ಶುರುವಾಗುವ ತಿಂಗಳಿಗೆ ಸರಿಯಾಗಿ ಅಪ್ಪ ಮಾಲು ಹೊರತೆಗೆದು ಸಿಕ್ಕ ದರಕ್ಕೆ ಕೊಟ್ಟ. ಬಿಟ್ಟುಕೊಟ್ಟ ಆ ದರದ ವ್ಯತ್ಯಾಸ ಯಾವ ರಸೀದಿಯಲ್ಲೂ ಇಲ್ಲ. ನಿನ್ನ ಲೆಕ್ಕದಲ್ಲಿ ಇರಲಿ, ತಂದೆ.

ಇನ್ನೊಂದಕ್ಕೂ ಅವನಿಗೆ ಶರಣು. ಅಕ್ಟೋಬರ್ ಚಾಟ್ನಿಯ ಬೆನ್ನಿಗೇ ಕಡ್ಡಿಯ ಕಣ್ಣು ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಹಚ್ಚುವಾಗ ಗವಸು ಹಾಕಿಕೋ, ಬಟ್ಟೆಯ ಮೇಲೆ ಬಿದ್ದರೆ ಕೂಡಲೇ ಬದಲಿಸು ಎಂದು ಮಗಳು ಹೇಳಿದಾಗ, 'ಇಷ್ಟು ವರ್ಷ ಏನಾಗೇತಿ' ಅನ್ನಲಿಲ್ಲ. ಹಾಕಿಕೊಂಡ. ಆಳುಗಳಿಗೂ ತಂದುಕೊಟ್ಟ. ಓದಿದ್ದು ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಮೊದಲು ತೋರಿಸಿಕೊಟ್ಟವನು ಅವನೇ.

ಇನ್ನು ಅವ್ವ.

ಕೊಯ್ಲಿನ ದಿನಗಳಲ್ಲಿ ಗೊನೆ ಅದ್ದುವ ತೊಟ್ಟಿಯ ಹತ್ತಿರ ನಿಲ್ಲುವವಳು ಅವಳು. ನೂರು ಲೀಟರ್ ನೀರಿಗೆ ಎರಡೂವರೆ ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್. ಗೊನೆಯನ್ನು ಎರಡರಿಂದ ನಾಲ್ಕು ನಿಮಿಷ ಅದ್ದಿ ರ್‍ಯಾಕಿಗೆ ಹರವಬೇಕು. ಹಣ್ಣಿನ ಮೇಲಿನ ಮೇಣದ ಪದರ ಸಡಿಲಾದರೆ ಒಳಗಿನ ನೀರು ಬೇಗ ಹೊರಬೀಳುತ್ತದೆ, ಬಣ್ಣ ಉಳಿಯುತ್ತದೆ. ಅದ್ದುತ್ತ ಅದ್ದುತ್ತ ದ್ರಾವಣದ ಕಸುವು ಇಳಿಯುತ್ತದೆ. ಯಾವಾಗ ಮತ್ತೆ ಬೆರೆಸಬೇಕೆಂದು ಅವ್ವ ಗೊನೆಯ ಹೊಳಪು ನೋಡಿಯೇ ಹೇಳುತ್ತಾಳೆ. ತಡಮಾಡಿದರೆ ಆ ತೊಟ್ಟಿಯ ಮಾಲೆಲ್ಲ ಕಂದು. ಪುಸ್ತಕದಲ್ಲಿ ಪಿಎಚ್ ಎಂದು ಓದಿದ್ದನ್ನು ನಾನು ಕಾಗದದ ಪಟ್ಟಿ ಅದ್ದಿ ನೋಡಬೇಕು, ಅವಳಿಗೆ ಬೇಕಿಲ್ಲ. ಆದರೆ ಆ ಕ್ಷಾರಕ್ಕೆ ಅವಳ ಬೆರಳ ತುದಿಯ ಚರ್ಮ ಪ್ರತಿ ವರ್ಷ ಸುಲಿಯುತ್ತದೆ. ಸುಲಿದ ಬೆರಳಲ್ಲೇ ರೊಟ್ಟಿ ಬಡಿದಳು.

ಆ ರೊಟ್ಟಿಯ ಮಾತನ್ನೂ ಹೇಳಲೇಬೇಕು. ಬಿಳಿಜೋಳದ ಹಿಟ್ಟು, ಕುದಿಯುವ ನೀರು, ತೆಳ್ಳಗೆ ಬಡಿದ ರೊಟ್ಟಿ. ಹಂಚಿನ ಮೇಲೆ ಬೆಂದ ಮೇಲೆ ಒಲೆಯ ಕೆಂಡದ ಬದಿಗೆ ಒರಗಿಸಿ ತೇವ ಪೂರ್ತಿ ಹೋಗುವವರೆಗೆ ಬಿಡಬೇಕು. ಬಿಸಿ ಇರುವಾಗಲೇ ಕಟ್ಟಿದರೆ ಹಬೆ ಒಳಗೇ ನಿಂತು ಬೂಸಲು ಹಿಡಿಯುತ್ತದೆ. ಅದಕ್ಕೇ ರಾತ್ರಿಯೆಲ್ಲ ಬಿದಿರಿನ ಬುಟ್ಟಿಯಲ್ಲಿ ಹರವಿಟ್ಟು, ನಸುಕಿನಲ್ಲಿ ಬಟ್ಟೆ ಸುತ್ತಿ, ಶೇಂಗಾ ಚಟ್ನಿ ಒಂದು ಡಬ್ಬಿ, ಗುರೆಳ್ಳು ಚಟ್ನಿ ಒಂದು ಡಬ್ಬಿ ಜೋಡಿಸಿ, ಬಾಗಲಕೋಟೆ ಬಸ್ಸಿಗೆ ಕೊಟ್ಟು ಕಳಿಸಿದಳು. ಪರೀಕ್ಷೆಯ ವಾರಗಳಲ್ಲಿ ಮೆಸ್ಸಿನ ಹೊತ್ತು ತಪ್ಪಿದ ದಿನವೂ ಹಸಿದು ಓದಲಿಲ್ಲ. ನನ್ನ ಕೋಣೆಯ ಇತರ ಮೂವರೂ ಹಸಿಯಲಿಲ್ಲ. ಅದೂ ದಾಸೋಹವೇ ಅಲ್ಲವೇ, ನನ್ನಪ್ಪಾ? ಮಹಿಳಾ ಸಂಘದಿಂದ ತೆಗೆದು ಲ್ಯಾಪ್‌ಟಾಪಿಗೆ ಕೊಟ್ಟ ಸಾಲದ ಕಂತನ್ನು ವಾರ ತಪ್ಪದೆ ಕಟ್ಟಿದವಳೂ ಅವಳೇ.

ಚಾಟ್ನಿಗೆ ಬರುವ ಅಣ್ಣಂದಿರು, ಕಾಳು ಬಿಡಿಸುವ ಅಕ್ಕಂದಿರು, ರೋಗದ ಎಲೆ ಹಿಡಿದು ಪ್ರಶ್ನೆ ಕೇಳಿದರೆ ಸಂಜೆ ಎಷ್ಟೇ ಹೊತ್ತಾಗಿದ್ದರೂ ಉತ್ತರ ಕೊಟ್ಟ ಗುರುಗಳು, ಇವರೆಲ್ಲರ ಕೈಗೂ ನನ್ನ ಶರಣು.

ಈಗ ಬೇಡುವುದಕ್ಕೆ ಬಂದೆ.

ದಾರಿ ತೋರು ಎಂದು ಸುಮ್ಮನೆ ಕೇಳಿದರೆ ನಿನಗೂ ತೊಡಕು. ನನ್ನ ಮುಂದಿರುವುದನ್ನು ಇದ್ದಂತೆ ಹೇಳುತ್ತೇನೆ.

ಐಸಿಎಆರ್ ಪರೀಕ್ಷೆ ಬರೆದು ಕೊಯ್ಲೋತ್ತರ ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಮಾಡಬಹುದು. ಇನ್ನೂ ಎರಡು ವರ್ಷ; ಶಿಷ್ಯವೇತನ ಸಿಕ್ಕರೆ ಮನೆಗೆ ಭಾರವಿಲ್ಲ, ಸಿಗದಿದ್ದರೆ ಅಪ್ಪ ಮತ್ತೆ ಮಾಲು ಬೇಗ ಹೊರತೆಗೆಯುತ್ತಾನೆ. ಬ್ಯಾಂಕಿನ ಕೃಷಿ ಅಧಿಕಾರಿ ಪರೀಕ್ಷೆ ಇದೆ. ಇಲಾಖೆಯ ಸಹಾಯಕ ತೋಟಗಾರಿಕೆ ಅಧಿಕಾರಿ ಹುದ್ದೆಯೂ ಇದೆ, ಅದರ ಅಧಿಸೂಚನೆ ಯಾವಾಗ ಎಂದು ಕಾಯುತ್ತ ವಯಸ್ಸು ಕಳೆದವರೂ ಇದ್ದಾರೆ. ಕ್ರಿಮಿನಾಶಕ ಕಂಪನಿಯ ಕೆಲಸವೊಂದು ಕೈಯಲ್ಲೇ ಇದೆ, ಸಂಬಳ ಮುಂದಿನ ತಿಂಗಳಿಂದಲೇ. ಮನೆಗೆ ಮರಳಿ ಮಣೂಕ ತೊಳೆದು, ಗ್ರೇಡ್ ಮಾಡಿ, ಪ್ಯಾಕ್ ಮಾಡುವ ಘಟಕ ಹಾಕುವ ಆಸೆಯೂ ಒಂದು. ಅಂಥ ಕಿರು ಆಹಾರ ಸಂಸ್ಕರಣೆಯ ಘಟಕಕ್ಕೆ ಸರ್ಕಾರದ ಸಹಾಯಧನ ಸಿಗಬಹುದು.

ಆ ಸಹಾಯಧನದ ಮಾತು ಕೇಳಿ ನಾನು ಉಬ್ಬದಂತೆ ನೋಡಿಕೋ. ಉಳಿದ ಖರ್ಚು ನಮ್ಮದೇ. ಅದರಲ್ಲಿ ಕೈಯಿಂದ ಹಾಕುವುದೆಷ್ಟು, ಬ್ಯಾಂಕಿನ ಸಾಲವೆಷ್ಟು, ಶೆಡ್ಡಿನಲ್ಲಿ ಮಾಲು ಇರುವಾಗಲೇ ಅಕಾಲಿಕ ಮಳೆ ಬಂದು ಕಪ್ಪಾದ ವರ್ಷ ಕಂತು ಹೇಗೆ ಕಟ್ಟುವುದು, ಇದನ್ನು ಯಂತ್ರದ ದರಪಟ್ಟಿ ತರಿಸುವ ಮೊದಲೇ ಬರೆದು ಕೂಡಿಸಿ ನೋಡುವ ಬುದ್ಧಿ ಕೊಡು. ಹೊಲದ ಉತಾರೆಯನ್ನು ಒತ್ತೆ ಇಡುವ ಮಾತು ಬಂದರೆ ನನ್ನ ನಾಲಿಗೆ ತಡೆ.

ಕಂಪನಿಯ ಕೆಲಸಕ್ಕೇ ಹೋಗುವುದಾದರೆ ಹೋಗುತ್ತೇನೆ, ಕೆಲಸದಲ್ಲಿ ಕೀಳು ಮೇಲು ಇಲ್ಲ. ಆದರೆ ತಿಂಗಳ ಕೊನೆಗೆ ಗುರಿ ಮುಟ್ಟಿಸಲೆಂದು, ಡೌನಿ ರೋಗ ಇಲ್ಲದ ಪಡಕ್ಕೆ ಡೌನಿಯ ಔಷಧಿ ಬರೆದುಕೊಡುವ ಕೈ ನನ್ನದಾಗದಿರಲಿ. ಡಬ್ಬಿಯ ಮೇಲೆ ಬರೆದ ಪ್ರಮಾಣಕ್ಕಿಂತ ಒಂದು ಮಿಲಿ ಹೆಚ್ಚು ಹೇಳದಿರಲಿ. ಸಿಂಪಡಿಸಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕೆಂಬುದನ್ನು, ವ್ಯಾಪಾರಿ ಬಾಗಿಲಲ್ಲಿ ನಿಂತಿದ್ದರೂ, ಮರೆಮಾಚದಿರಲಿ. ನನ್ನೆದುರು ಕುಳಿತ ರೈತ ಯಾರೋ ಮಗಳ ಶುಲ್ಕ ಕಟ್ಟಲು ಕಾದವನಾಗಿರುತ್ತಾನೆ. ಅವನ ಖರ್ಚಿನಲ್ಲಿ ಒಂದು ಸಿಂಪರಣೆ ಕಡಿಮೆ ಮಾಡಿಸಿದ ದಿನವನ್ನು ನಾನು ದುಡಿದ ದಿನವೆಂದು ಎಣಿಸುವಂತೆ ಮಾಡು.

ಸರಿಯಾದದ್ದು ಯಾವುದೆಂದು ತಿಳಿಯಲು ಒಂದು ಪರೀಕ್ಷೆ ಕೊಡು ತಂದೆ. ಬೋರ್ಡೊ ದ್ರಾವಣಕ್ಕೆ ಅಪ್ಪ ಮಾಡುತ್ತಾನಲ್ಲ, ಅಂಥದ್ದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಪ್ಲಾಸ್ಟಿಕ್ ಪಾತ್ರೆಯಲ್ಲಿ ಬೇರೆ ಬೇರೆ ಕರಗಿಸಿ ಕೂಡಿಸಿದ ಮೇಲೆ, ತಿಕ್ಕಿ ಬೆಳಗಿದ ಕುಡಗೋಲನ್ನು ಒಂದು ನಿಮಿಷ ಅದ್ದಿ ತೆಗೆಯುತ್ತಾನೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಕೆಂಪು ಕೂರದವರೆಗೆ ಸುಣ್ಣದ ನೀರು ಸ್ವಲ್ಪ ಸ್ವಲ್ಪ ಬೆರೆಸುತ್ತಾನೆ. ನನ್ನ ನಿರ್ಧಾರವನ್ನೂ ಬಾಳಿಗೆ ಸುರಿಯುವ ಮೊದಲು ಅದ್ದಿ ನೋಡಲು ಅಂಥ ಒಂದು ಕುಡಗೋಲು ಬೇಕು. ಗೆಳತಿಯರು ಸೇರಿದ್ದಾರೆಂದು ನಾನೂ ಸೇರುತ್ತಿದ್ದೇನೆಯೇ? ಊರವರಿಗೆ ಹೇಳಲು ಹೆಸರು ಚೆನ್ನಾಗಿದೆ ಎಂದೇ? ಆ ಬಣ್ಣ ಕಂಡರೆ ಕೈ ತಡೆದು, ಕಡಿಮೆಯಾದದ್ದನ್ನು ಬೆರೆಸುವ ತಾಳ್ಮೆ ಕೊಡು.

ಮದುವೆಯ ಮಾತು ಇಂದಿನಿಂದ ಜೋರಾಗುತ್ತದೆ, ನಿನಗೆ ಗೊತ್ತಿದ್ದದ್ದೇ. ಕೇಳಬಂದ ಬೀಗಸ್ತನದವರಿಗೆ 'ಮಗಳನ್ನು ಕೇಳಿ ಹೇಳ್ತೀನ್ರಿ' ಎನ್ನುವ ಧೈರ್ಯ ಅಪ್ಪನಿಗಿರಲಿ. ಕೇಳಿದಾಗ ಮುಚ್ಚುಮರೆಯಿಲ್ಲದೆ ಉತ್ತರಿಸುವ ಧೈರ್ಯ ನನಗಿರಲಿ.

ಮುಂದಿನ ಚಾಟ್ನಿಯವರೆಗೆ ಅವಧಿ ಹಾಕಿಕೊಂಡಿದ್ದೇನೆ. ಅಷ್ಟರೊಳಗೆ ಒಂದನ್ನು ಹಿಡಿಯುತ್ತೇನೆ. ಹಿಡಿದದ್ದು ತಪ್ಪಿದರೆ ಮರಳಿ ಬರಲು ನಾಚಿಕೆ ಆಗದಿರಲಿ. ಮರಳಿ ಬಂದವಳನ್ನು ಕಂಡು ಊರು ಆಡಿಕೊಂಡರೆ ಅವ್ವನ ಕಿವಿಗೆ ಅದು ತಾಗದಿರಲಿ. ಗಳಿಕೆ ಶುರುವಾದ ಮೊದಲ ತಿಂಗಳಿಂದ ಸಂಘದ ಕಂತು ನನ್ನ ಕೈಯಿಂದ ಹೋಗಲಿ. ಅವ್ವನಿಗೆ ಮೊಣಕೈವರೆಗಿನ ಗವಸು ಕೊಡಿಸುತ್ತೇನೆ, ಹಾಕಿಕೊಳ್ಳುವ ಮನಸ್ಸು ನೀನು ಕೊಡು. ಆ ವಿಷಯದಲ್ಲಿ ಅವಳು ಅಪ್ಪನಷ್ಟು ಸುಲಭವಲ್ಲ.

ಇಂದಿನ ಮಟ್ಟಿಗೆ ಇಷ್ಟು: ತಿಕೋಟಾದಿಂದ ನಸುಕಿನಲ್ಲಿ ಹೊರಟ ಇಬ್ಬರೂ ವಿಜಯಪುರದಲ್ಲಿ ಬಸ್ಸು ಬದಲಿಸಿ ಹೊತ್ತಿಗೆ ಸರಿಯಾಗಿ ಮುಟ್ಟಲಿ. ಪ್ರವೇಶದ ಪಾಸು ಅಪ್ಪನ ಅಂಗಿಯ ಕಿಸೆಯಲ್ಲೇ ಇರಲಿ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಉಪವಾಸ ಕೂರುವ ಅಭ್ಯಾಸ ಅವನಿಗಿದೆ, ಇಂದು ಬುತ್ತಿ ಬಿಚ್ಚಿ ಉಣ್ಣಲಿ. ಅವರಿಗೆ ಹಿಂದಿನ ಸಾಲು ಸಿಕ್ಕರೂ ನಾವು ಎದ್ದು ನಿಂತಾಗ ನಾನು ಯಾವ ಕಡೆ ಇದ್ದೇನೆಂದು ಅವ್ವನಿಗೆ ಕಾಣಲಿ. ಪ್ರತಿಜ್ಞೆಯ ಮಾತುಗಳನ್ನು ನಾನು ಬಾಯಿಪಾಠದಂತೆ ಹೇಳದೆ ಕೇಳಿಸಿಕೊಂಡು ಹೇಳುವಂತಾಗಲಿ. ನಾಳೆ ಮೂವರೂ ಕೂಡಲಸಂಗಮಕ್ಕೆ ಬರುತ್ತೇವೆ. ಐಕ್ಯಮಂಟಪದ ಮೆಟ್ಟಿಲಿಳಿಯುವಾಗ ಅವ್ವನ ಮೊಣಕಾಲು ನೋಯದಿರಲಿ.

ಶರಣು ಶರಣಾರ್ಥಿ.