ರಸ್ತೆ ಅಪಘಾತ ಗಾಯಾಳು: ಆಂಬುಲೆನ್ಸ್‌ನಿಂದ ತುರ್ತು ವಿಭಾಗಕ್ಕೆ ಹಸ್ತಾಂತರ ವರದಿ

ಟ್ರಿಪ್ ಸಂಖ್ಯೆ 17, ಮಂಗಳವಾರ ಬೆಳಿಗ್ಗೆ. ಕೊಟ್ಟವರು: ಆಂಬುಲೆನ್ಸ್‌ನ ಹಿರಿಯ ಪ್ಯಾರಾಮೆಡಿಕ್. ತೆಗೆದುಕೊಂಡವರು: ಟ್ರಾಮಾ ತಂಡದ ಮುಖ್ಯ ವೈದ್ಯರು, ಬೇ 2. ವರ್ಗ: ಕೆಂಪು.

ಬಾಯಲ್ಲಿ ಹೇಳಿದ ವರದಿ (8:22, ಸ್ಟ್ರೆಚರ್‌ನಿಂದ ಇಳಿಸುವ ಮೊದಲು)

"ಎಲ್ಲರೂ ಒಂದು ನಿಮಿಷ ಕೇಳಿ. 52 ವರ್ಷದ ಪುರುಷ, ಬೈಕ್ ಸವಾರ. 7:20ರ ಸುಮಾರಿಗೆ ಎಡಬದಿಯಿಂದ ಕಾರು ಗುದ್ದಿದೆ. ತಲೆಗೆ ಪೆಟ್ಟು, ಎಡ ಪಕ್ಕೆಲುಬು, ಹೊಟ್ಟೆಯ ಎಡ ಮೇಲ್ಭಾಗ, ಪೆಲ್ವಿಸ್, ಎಡ ತೊಡೆಮೂಳೆ. ಬಿಪಿ 118ರಿಂದ 90ಕ್ಕೆ ಇಳಿದಿದೆ. ನಾಡಿ 106. ಇವರು ಮೆಟೊಪ್ರೊಲಾಲ್ ತಗೊಳ್ತಾರೆ, ಹಾಗಾಗಿ ನಾಡಿ ನೋಡಿ ಸಮಾಧಾನ ಪಡಬೇಡಿ. ವಾರ್ಫರಿನ್ ಕೂಡ ಇದೆ, ಕೃತಕ ಹೃದಯ ಕವಾಟಕ್ಕೆ. ಜಿಸಿಎಸ್ 14 ಇದ್ದದ್ದು 13 ಆಗಿದೆ. ಪೆಲ್ವಿಕ್ ಬೈಂಡರ್ ಕಟ್ಟಿದೆ, ಬಿಚ್ಚಬೇಡಿ. ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಹೋಗಿದೆ. ಪೆನಿಸಿಲಿನ್ ಅಲರ್ಜಿ. ಈಗ ಇಳಿಸೋಣ."

ಸಮಯ

ಕರೆ ಬಂದದ್ದು 7:24. ಸ್ಥಳ ತಲುಪಿದ್ದು 7:36. ಹೊರಟಿದ್ದು 7:52. ಆಸ್ಪತ್ರೆ ಬಾಗಿಲು 8:20. ಮುನ್ಸೂಚನೆ ಕೊಟ್ಟಿದ್ದು 7:54ಕ್ಕೆ. ವಾರ್ಫರಿನ್ ವಿಷಯ ಗೊತ್ತಾದ ಕೂಡಲೇ 8:08ಕ್ಕೆ ಮತ್ತೆ ಕರೆ ಮಾಡಿ ತಿಳಿಸಿದ್ದೇವೆ.

ಹೇಗಾಯಿತು

ಅಡ್ಡರಸ್ತೆಯಿಂದ ಬಂದ ಕಾರು ಬೈಕಿನ ಎಡ ಮಗ್ಗುಲಿಗೆ ನೇರವಾಗಿ ಗುದ್ದಿದೆ. ಸವಾರರು ಸುಮಾರು 4 ಮೀಟರ್ ದೂರಕ್ಕೆ ಎಸೆಯಲ್ಪಟ್ಟು ಡಿವೈಡರ್ ಪಕ್ಕ ಬಿದ್ದಿದ್ದರು. ಫುಲ್ ಫೇಸ್ ಹೆಲ್ಮೆಟ್ ಹಾಕಿದ್ದರು, ಪಟ್ಟಿಯೂ ಬಿಗಿಯಾಗಿತ್ತು. ಹೆಲ್ಮೆಟ್‌ನ ಎಡಗಡೆ, ಕಿವಿಯ ಮೇಲ್ಭಾಗದಲ್ಲಿ ಅಂಗೈಯಷ್ಟು ಒಳಕ್ಕೆ ಬಿರುಕು ಬಿಟ್ಟಿದೆ. ಅದನ್ನು ಜೊತೆಗೇ ತಂದಿದ್ದೇವೆ, ದಯವಿಟ್ಟು ಒಮ್ಮೆ ನೋಡಿ. ಏಟಿನ ಜೋರು ಬಾಯಲ್ಲಿ ಹೇಳುವುದಕ್ಕಿಂತ ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಪಕ್ಕದಲ್ಲಿದ್ದವರ ಪ್ರಕಾರ ಒಂದೆರಡು ನಿಮಿಷ ಪ್ರಜ್ಞೆ ಇರಲಿಲ್ಲ. ನಾವು ಹೋದಾಗ ಎಚ್ಚರವಿದ್ದರು. ಆದರೆ "ಗಾಡಿ ಎಲ್ಲಿ?" ಅಂತ ಮತ್ತೆ ಮತ್ತೆ ಕೇಳುತ್ತಿದ್ದರು. ಉತ್ತರ ಕೊಟ್ಟ ಅರ್ಧ ನಿಮಿಷಕ್ಕೆ ಮತ್ತದೇ ಪ್ರಶ್ನೆ. 8:05ರ ನಂತರ ಆ ಪ್ರಶ್ನೆಯೂ ನಿಂತಿತು. ಅವರು ಶಾಂತರಾದರು ಅಂತ ನನಗೆ ಅನ್ನಿಸಲಿಲ್ಲ, ಮಂಕಾದರು ಅನ್ನಿಸಿತು.

ಕಂಡ ಗಾಯಗಳು, ಅನುಮಾನಗಳು

ತಲೆ: ಎಡ ಕಿವಿಯ ಮೇಲೆ ಊತ. ಕಿವಿ, ಮೂಗಿನಿಂದ ರಕ್ತ ಅಥವಾ ನೀರು ಇಲ್ಲ. ಎರಡೂ ಪಾಪೆ 3 ಮಿ.ಮೀ., ಬೆಳಕಿಗೆ ಸರಿಯಾಗಿ ಕಿರಿದಾಗುತ್ತಿವೆ. ಕೈಕಾಲು ಬೆರಳುಗಳೆಲ್ಲ ಆಡುತ್ತಿವೆ.

ಎದೆ: ಎಡ 6ರಿಂದ 9ನೇ ಪಕ್ಕೆಲುಬಿನ ಮೇಲೆ ಮುಟ್ಟಿದರೆ ನೋವು, ಕೈಗೆ ಕರಕರ ಸಿಗುತ್ತದೆ. ಎಡ ತಳಭಾಗದಲ್ಲಿ ಉಸಿರಿನ ಸದ್ದು ಕಡಿಮೆ. ಶ್ವಾಸನಾಳ ನಡುವೆಯೇ ಇದೆ, ಕತ್ತಿನ ರಕ್ತನಾಳ ಉಬ್ಬಿಲ್ಲ. ಟೆನ್ಷನ್ ಲಕ್ಷಣ ಇಲ್ಲದ್ದರಿಂದ ಎದೆಗೆ ಸೂಜಿ ಹಾಕಿಲ್ಲ. ದಾರಿಯುದ್ದಕ್ಕೂ ಸೂಜಿ ಕೈಗೆಟಕುವಂತೆ ಇಟ್ಟುಕೊಂಡಿದ್ದೆವು. ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಹಾಕುವುದಾದರೆ ಈ ಎಡಬದಿಯ ಮೇಲೆ ಕಣ್ಣಿರಲಿ.

ಹೊಟ್ಟೆ: ಎಡ ಮೇಲ್ಭಾಗ ಒತ್ತಿದರೆ ನೋವು. 7:40ಕ್ಕೆ ಮೆತ್ತಗಿತ್ತು, 8:12ಕ್ಕೆ ಸ್ವಲ್ಪ ಬಿಗಿ. ಸ್ಪ್ಲೀನ್ ಬಗ್ಗೆ ಅನುಮಾನವಿದೆ.

ಪೆಲ್ವಿಸ್: ತೊಡೆಸಂಧಿಯಲ್ಲಿ ಮತ್ತು ಬೆನ್ನಿನ ಕೆಳಗೆ ನೋವು. ಅಲುಗಾಡಿಸಿ ಪರೀಕ್ಷೆ ಮಾಡಿಲ್ಲ. ಅದು ಬೇಕಂತಲೇ ಬಿಟ್ಟದ್ದು. ನೀವೂ ಮಾಡಬೇಡಿ.

ಕಾಲು: ಎಡ ತೊಡೆ ಊದಿದೆ, ವಕ್ರವಾಗಿದೆ, ಚರ್ಮ ಹರಿದಿಲ್ಲ. ಸ್ಪ್ಲಿಂಟ್‌ಗೆ ಮೊದಲೂ ನಂತರವೂ ಪಾದದ ನಾಡಿ ಸಿಕ್ಕಿದೆ. ಎಡ ಮುಂಗೈಯಲ್ಲಿ 6 ಸೆಂ.ಮೀ. ಗಾಯ, ಒತ್ತಿ ಕಟ್ಟಿದ ಬ್ಯಾಂಡೇಜ್. 8:10ರ ಹೊತ್ತಿಗೆ ಅದರಿಂದಲೂ ರಕ್ತ ಮತ್ತೆ ನೆನೆದು ಹೊರಬಂತು.

ಅಳತೆಗಳು

7:40: ನಾಡಿ 92, ಬಿಪಿ 118/76, ಉಸಿರು 26, ಗಾಳಿಯಲ್ಲಿ ಆಮ್ಲಜನಕ 91%, ಜಿಸಿಎಸ್ 14 (ಕಣ್ಣು 4, ಮಾತು 4, ಚಲನೆ 6)
7:55: ನಾಡಿ 98, ಬಿಪಿ 104/66, ಉಸಿರು 26, ಆಕ್ಸಿಜನ್ ಕೊಟ್ಟು 96%, ಜಿಸಿಎಸ್ 14
8:12: ನಾಡಿ 104, ಬಿಪಿ 92/58, ಉಸಿರು 28, 95%, ಜಿಸಿಎಸ್ 13 (ಕಣ್ಣು 3, ಮಾತು 4, ಚಲನೆ 6)
8:20: ನಾಡಿ 106, ಬಿಪಿ 90/56, ಉಸಿರು 28, 95%, ಜಿಸಿಎಸ್ 13

ಸಕ್ಕರೆ 118. ಕೈ ತಣ್ಣಗಿದೆ, ಬೆವರಿದೆ. ಉಗುರು ಒತ್ತಿ ಬಿಟ್ಟರೆ ಬಣ್ಣ ಬರಲು 4 ಸೆಕೆಂಡ್.

ಬರೀ ಕೊನೆಯ ಸಾಲನ್ನು ಓದಿದರೆ ಇಷ್ಟು ಗಾಬರಿ ಯಾಕೆ ಅನ್ನಿಸಬಹುದು. ನಾಲ್ಕನ್ನೂ ಒಟ್ಟಿಗೆ ಓದಿ. ಬಿಪಿ ಇಷ್ಟು ಇಳಿದಾಗ ನಾಡಿ 130ರ ಹತ್ತಿರ ಓಡಬೇಕಿತ್ತು. ಮಾತ್ರೆ ಅದನ್ನು ಹಿಡಿದಿಟ್ಟಿದೆ. ಒಳಗೆ ರಕ್ತ ಹೋಗುತ್ತಿದೆ ಎಂದೇ ನನ್ನ ಅಭಿಪ್ರಾಯ.

ಕೊಟ್ಟ ಚಿಕಿತ್ಸೆ

ಇಬ್ಬರು ಸೇರಿ ಹೆಲ್ಮೆಟ್ ತೆಗೆದು, ಕಾಲರ್ ಹಾಕಿ, ಸ್ಕೂಪ್ ಸ್ಟ್ರೆಚರ್ ಮೇಲೆ ಎತ್ತಿದ್ದೇವೆ. ಮಗ್ಗುಲು ಹೊರಳಿಸಿಲ್ಲ, ಆದ್ದರಿಂದ ಬೆನ್ನು ನೋಡಲಾಗಿಲ್ಲ. ಮಾಸ್ಕ್‌ನಲ್ಲಿ ಆಕ್ಸಿಜನ್ ನಿಮಿಷಕ್ಕೆ 15 ಲೀಟರ್. 7:42ಕ್ಕೆ ಪೆಲ್ವಿಕ್ ಬೈಂಡರ್, ತೊಡೆಮೂಳೆಯ ಮೇಲಿನ ಉಬ್ಬಿನ ಮಟ್ಟಕ್ಕೆ. 7:46ಕ್ಕೆ ಬಲ ಮೊಣಕೈ ಮಡಿಕೆಯಲ್ಲಿ 16 ಗೇಜ್ ಲೈನ್, ಚೆನ್ನಾಗಿ ಓಡುತ್ತಿದೆ. ಎರಡನೇ ಲೈನ್ ಬಲ ಮುಂಗೈಯಲ್ಲಿ ಪ್ರಯತ್ನಿಸಿದೆವು, ಸಿಗಲಿಲ್ಲ. ಬಂದ ಕೂಡಲೇ ಇನ್ನೊಂದು ಬೇಕು.

7:48ಕ್ಕೆ ಫೆಂಟನಿಲ್ 25 ಮೈಕ್ರೋಗ್ರಾಂ, ಒಂದೇ ಸಲ. ಪ್ರಜ್ಞೆ ಇಳಿದದ್ದು ಅದಾಗಿ 24 ನಿಮಿಷಕ್ಕೆ. ಅಷ್ಟು ಸಣ್ಣ ಡೋಸ್ ಮೇಲೆ ತಪ್ಪು ಹೊರಿಸಿ ತಲೆಯ ಸ್ಕ್ಯಾನ್ ತಡ ಮಾಡುವುದು ಬೇಡ. 7:49ಕ್ಕೆ ಎಡಗಾಲಿಗೆ ಸಾದಾ ಸ್ಪ್ಲಿಂಟ್. ಪೆಲ್ವಿಸ್ ಅನುಮಾನವಿದ್ದುದರಿಂದ ಟ್ರ್ಯಾಕ್ಷನ್ ಹಾಕಲಿಲ್ಲ.

8:00ರಿಂದ 8:10ರವರೆಗೆ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ. 8 ಗಂಟೆಗಳಲ್ಲಿ ಕೊಡುವ ಎರಡನೇ 1 ಗ್ರಾಂ ಶುರುವಾಗಿಲ್ಲ. ಕವಾಟದ ವಿಷಯ ಗೊತ್ತಾದದ್ದು ಮೊದಲ ಡೋಸ್ ನಡುವೆ, ಹಾಗಾಗಿ ಎರಡನೆಯದು ನಿಮ್ಮ ತೀರ್ಮಾನ. ಬೆಚ್ಚಗಿನ ಸಲೈನ್ 250 ಮಿ.ಲೀ. ಮುಗಿದಿದೆ, 8:15ಕ್ಕೆ ಇನ್ನೊಂದು 250 ಹಾಕಿದ್ದೇವೆ. ತಲೆಗೆ ಪೆಟ್ಟಿರುವಾಗ ಬಿಪಿ ಬೀಳಲು ಬಿಡಬಾರದು, ಸುಮ್ನೆ ಸಲೈನ್ ಸುರಿದರೂ ಇರುವ ರಕ್ತ ತೆಳುವಾಗುತ್ತದೆ, ಅಲ್ವಾ? ಇವರಿಗೆ ಬೇಕಿರುವುದು ರಕ್ತ. ಕಂಬಳಿ ಹೊದಿಸಿ ಬೆಚ್ಚಗೆ ಇಟ್ಟಿದ್ದೇವೆ.

ಹಿನ್ನೆಲೆ (8:06ಕ್ಕೆ ಪತ್ನಿ ಫೋನಿನಲ್ಲಿ ಹೇಳಿದ್ದು)

ಮೆಕ್ಯಾನಿಕಲ್ ಮೈಟ್ರಲ್ ಕವಾಟ. ವಾರ್ಫರಿನ್ 5 ಮಿ.ಗ್ರಾಂ., ಕೊನೆಯದು ನಿನ್ನೆ ರಾತ್ರಿ 9ಕ್ಕೆ. ಮೆಟೊಪ್ರೊಲಾಲ್ 50 ಮಿ.ಗ್ರಾಂ. ಇವತ್ತು ಬೆಳಿಗ್ಗೆ. ಸಕ್ಕರೆ ಕಾಯಿಲೆ ಇಲ್ಲ. ಪೆನಿಸಿಲಿನ್‌ಗೆ ಮೈಯೆಲ್ಲ ದದ್ದು ಬಂದು ಉಸಿರು ಕಟ್ಟಿತ್ತಂತೆ. 6:30ಕ್ಕೆ ತಿಂಡಿ ತಿಂದಿದ್ದಾರೆ, ಹೊಟ್ಟೆ ಖಾಲಿಯಿಲ್ಲ.

ಮೊದಲು ಆಗಬೇಕು ಅಂತ ನಾವು ಕೇಳಿಕೊಂಡದ್ದು

ಐಎನ್‌ಆರ್ ಮತ್ತು ಕ್ರಾಸ್‌ಮ್ಯಾಚ್‌ಗೆ ರಕ್ತ ತೆಗೆಯುವುದು, ಎರಡನೇ ಲೈನ್, ಹೊಟ್ಟೆ ಮತ್ತು ಎದೆಗೆ ಅಲ್ಟ್ರಾಸೌಂಡ್. ವಾರ್ಫರಿನ್ ಪರಿಣಾಮ ಇಳಿಸುವ ಔಷಧಿಯ ಬಗ್ಗೆ ಹೃದ್ರೋಗ ತಂಡಕ್ಕೆ ಈಗಲೇ ಕರೆ.

ಒಪ್ಪಿಸಿದ ವಸ್ತುಗಳು

ಪರ್ಸ್, ಫೋನ್, ವಾಚ್, ಹೆಲ್ಮೆಟ್. ಕತ್ತರಿಸಿದ ಬಟ್ಟೆ ಕಾಗದದ ಚೀಲದಲ್ಲಿದೆ. ಗುರುತಿನ ಚೀಟಿ ಪರ್ಸಿನಲ್ಲಿದೆ, ಮುಖ ಹೋಲಿಸಿ ನೋಡಿದ್ದೇವೆ. ಪೊಲೀಸರಿಗೆ ತಿಳಿಸಲಾಗಿದೆ. ಪತ್ನಿ ಹೊರಟಿದ್ದಾರೆ, ಬರಲು ಮುಕ್ಕಾಲು ಗಂಟೆ ಆಗಬಹುದು. ಒಬ್ಬರೇ ಬರುತ್ತಿದ್ದಾರೆ. ಬಾಗಿಲಲ್ಲಿ ಯಾರಾದರೂ ನಿಂತು ಕರೆದುಕೊಂಡು ಬನ್ನಿ.

ಹಸ್ತಾಂತರ ಮುಗಿದದ್ದು: 8:27

ವೈದ್ಯರು ಕೇಳಿದ ಪ್ರಶ್ನೆ: ದಾರಿಯಲ್ಲಿ ವಾಂತಿ, ಫಿಟ್ಸ್ ಆಯಿತಾ? ಉತ್ತರ: ಎರಡೂ ಇಲ್ಲ. ವಾರ್ಫರಿನ್, ಪೆನಿಸಿಲಿನ್ ಅಲರ್ಜಿ ಎರಡನ್ನೂ ನರ್ಸ್ ತಿರುಗಿ ಹೇಳಿ ಖಚಿತಪಡಿಸಿದರು, ಕೆಂಪು ಪಟ್ಟಿ ಕಟ್ಟಿದರು. ಎರಡೂ ಕಡೆಯವರು ಸಹಿ ಮಾಡಿದ್ದೇವೆ. ಗಾಡಿ ತೊಳೆಯುವವರೆಗೆ, 8:50ರ ತನಕ ನಾವು ಆಂಬುಲೆನ್ಸ್ ನಿಲ್ದಾಣದಲ್ಲೇ ಇರುತ್ತೇವೆ. ಏನಾದರೂ ಕೇಳಬೇಕಿದ್ದರೆ ಕರೆಯಿರಿ.