ಮಳೆಗಾಲದ ತಿಂಡಿ–ಊಟದ ಪಟ್ಟಿ, ಶಿರಸಿ

ಇದು ಆಷಾಢ, ಶ್ರಾವಣದ ಪಟ್ಟಿ. ಸೊಪ್ಪು, ಕಳಲೆ, ಮರಕೆಸು ಹಳ್ಳಿಯಿಂದ ಬಂದ ದಿನ ಒಲೆಗೆ ಏರುತ್ತವೆ, ಬಾರದ ದಿನ ಇಲ್ಲ. ಇವತ್ತು ಏನೇನು ಇದೆ ಎಂದು ಗಲ್ಲೆಯ ಪಕ್ಕದ ಕರಿಹಲಗೆಯಲ್ಲಿ ಬರೆದಿರುತ್ತೇವೆ. ಅಡುಗೆಯೆಲ್ಲ ಸಸ್ಯಾಹಾರ. ಬೆಳ್ಳುಳ್ಳಿ ಬೀಳುವುದು ಕರಕಲಿಗೆ ಮಾತ್ರ.

ಬೆಳಗ್ಗೆ 7ರಿಂದ 10.30

ತೆಳ್ಳೇವು (3) – ₹60
ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಹುಳಿ ಬರಿಸದೆ, ಆಗಲೇ ಎರೆದದ್ದು. ಜೊತೆಗೆ ಜೋನಿ ಬೆಲ್ಲ ಮತ್ತು ತುಪ್ಪ. ಖಾರ ಬೇಕಾದವರಿಗೆ ಕಾಯಿಚಟ್ನಿ.

ಮೊಗೆಕಾಯಿ ದೋಸೆ, ಉಪ್ಪಾಗೆ ತುಪ್ಪ (2) – ₹70
ಮೊಗೆಕಾಯಿ ತಿರುಳನ್ನು ಅಕ್ಕಿಯ ಜೊತೆ ರುಬ್ಬಿದ ಹಿಟ್ಟು, ಉದ್ದು ಇಲ್ಲ. ಮೇಲೆ ಹಾಕುವುದು ಕಾಡಿನ ಉಪ್ಪಾಗೆ ಬೀಜದಿಂದ ತೆಗೆದ ತುಪ್ಪ. ಇದು ತಣಿದರೆ ಗಟ್ಟಿಯಾಗಿ ಬಾಯಿಗೆ ಹಿಡಿಯುತ್ತದೆ, ಹಾಗಾಗಿ ದೋಸೆ ತಟ್ಟೆಗೆ ಬಿದ್ದೊಡನೆ ತಿನ್ನಿ. ಉಪ್ಪಾಗೆ ಬೇಡವೆಂದರೆ ಬೆಣ್ಣೆ ಇದೆ.

ಬನ್ಸ್ (2) – ₹40
ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣು, ಮೊಸರು, ಮೈದಾ, ಸ್ವಲ್ಪ ಜೀರಿಗೆ. ರಾತ್ರಿ ಕಲಸಿಟ್ಟ ಹಿಟ್ಟು ಬೆಳಗ್ಗೆ ಎಣ್ಣೆಯಲ್ಲಿ ಉಬ್ಬುತ್ತದೆ. ಹಣ್ಣು ಹಣ್ಣಾದಷ್ಟೇ ಸಿಹಿ, ಸಕ್ಕರೆ ಚಿಟಿಕೆಯಷ್ಟು.

ಕಾಯಿ ಅವಲಕ್ಕಿ – ₹35
ತೆಳು ಅವಲಕ್ಕಿಗೆ ಕಾಯಿತುರಿ, ಹಸಿಮೆಣಸು, ಉಪ್ಪು, ಬೆಲ್ಲ ಸೇರಿಸಿ ಕೈಯಲ್ಲೇ ಹಿಸುಕಿ ಕಲಸಿದ್ದು. ಒಲೆ ಮುಟ್ಟಿಲ್ಲ.

ಹಲಸಿನ ಹಣ್ಣಿನ ಕೊಟ್ಟೆ ಕಡುಬು (1) – ₹50
ಹಣ್ಣಿನ ತೊಳೆ, ಅಕ್ಕಿ ತರಿ, ಬೆಲ್ಲ, ಕಾಯಿ ಸೇರಿಸಿ ಬಾಳೆ ಎಲೆಯ ಕೊಟ್ಟೆಯಲ್ಲಿ ಉಗಿಯಲ್ಲಿ ಬೇಯಿಸಿದ್ದು. ಎಲೆ ಬಿಡಿಸಿ ತುಪ್ಪ ಸವರಿ ಕೊಡುತ್ತೇವೆ. ಮಳೆ ಜೋರಾದರೆ ಹಣ್ಣು ನೀರಾಗಿ ಸಿಹಿ ಕಳೆದುಕೊಳ್ಳುತ್ತದೆ. ಆಗ ಈ ಕಡುಬು ನಿಲ್ಲಿಸುತ್ತೇವೆ, ಹೆಚ್ಚು ಬೆಲ್ಲ ಹಾಕಿ ಸರಿಮಾಡುವುದಿಲ್ಲ.

ಮಧ್ಯಾಹ್ನ 12.30ರಿಂದ 3

ಬಾಳೆ ಎಲೆ ಊಟ – ₹160
ಅನ್ನ, ತಂಬುಳಿ, ಒಂದು ಪಲ್ಯ, ಹಶಿ, ಸಾರು, ಮೊಗೆಕಾಯಿ ಹುಳಿ, ಅಪ್ಪೆಹುಳಿ, ಹಪ್ಪಳ, ಬಾಳಕದ ಮೆಣಸು, ಮಿಡಿ ಉಪ್ಪಿನಕಾಯಿ, ಮಜ್ಜಿಗೆ. ಅನ್ನ ಬೆಳ್ತಿಗೆಯೋ ಕುಚ್ಚಲೋ ಎಂದು ಕೂರುವಾಗಲೇ ಹೇಳಿ. ಮೊದಲ ತುತ್ತು ತಂಬುಳಿಯದ್ದಾಗಲಿ, ಸಾರು ಆಮೇಲೆ ಬರುತ್ತದೆ.

ಊಟದ ಜೊತೆ ಬರುವ ಕೆಲವನ್ನು ಬಿಡಿಯಾಗಿಯೂ ಕೊಡುತ್ತೇವೆ:

ಒಂದೆಲಗದ ತಂಬುಳಿ – ₹30
ಗದ್ದೆ ಬದುವಿನ ಒಂದೆಲಗವನ್ನು ಬೇರು ಸಮೇತ ತೊಳೆದು, ತುಪ್ಪದಲ್ಲಿ ಹುರಿದ ಜೀರಿಗೆ, ಕಾಳುಮೆಣಸು, ಕಾಯಿಯೊಡನೆ ರುಬ್ಬಿ ಮಜ್ಜಿಗೆಗೆ ಬೆರೆಸಿದ್ದು. ಸೊಪ್ಪು ಹಸಿಯದು, ತಂಬುಳಿ ತಣ್ಣಗೇ ಇರುತ್ತದೆ. ಬಿಸಿ ಮಾಡಿಕೊಡಿ ಎಂದರೆ ಒಡೆಯುತ್ತದೆ, ದಯವಿಟ್ಟು ಕೇಳಬೇಡಿ.

ದೊಡ್ಡಪತ್ರೆ ತಂಬುಳಿ – ₹30
ಎಲೆಯನ್ನು ತುಪ್ಪದಲ್ಲಿ ಬಾಡಿಸಿ ರುಬ್ಬಿದ್ದು. ಓಮಿನಂಥ ಘಾಟು ಇದರದು. ಶೀತ ಹಿಡಿದವರು ಎರಡನೇ ಬಾರಿ ಹಾಕಿಸಿಕೊಳ್ಳುತ್ತಾರೆ.

ಅಪ್ಪೆಹುಳಿ – ₹25 ಲೋಟಕ್ಕೆ
ಉಪ್ಪಿನಲ್ಲಿಟ್ಟ ಅಪ್ಪೆಮಿಡಿಯನ್ನು ಕಿವುಚಿ, ನೀರು ಬೆರೆಸಿ, ಸೂಜಿಮೆಣಸು ನುರಿದು, ಕೊಬ್ಬರಿ ಎಣ್ಣೆಯಲ್ಲಿ ಇಂಗು, ಸಾಸಿವೆ ಒಗ್ಗರಣೆ ಕೊಟ್ಟದ್ದು. ಬೇಳೆ ಇಲ್ಲ, ಕಾಯಿ ಇಲ್ಲ. ಅನ್ನಕ್ಕೂ ಕಲಸಬಹುದು, ಆದರೆ ಇಲ್ಲಿನವರು ಕೈಯಲ್ಲಿ ಹಾಕಿಸಿಕೊಂಡು ಸುರಿಯುತ್ತಾರೆ. ಉಂಡು ಬೈಕ್ ಹತ್ತುವವರಿಗೆ ಒಂದು ಮಾತು: ಎರಡು ಲೋಟದ ಮೇಲೆ ನಿದ್ದೆ ಎಳೆಯುತ್ತದೆ.

ಅನಾನಸು ಮೆಣಸ್ಕಾಯಿ – ₹45
ಬನವಾಸಿ ಕಡೆಯ ಅನಾನಸು. ಹುರಿದ ಎಳ್ಳು, ಉದ್ದು, ಒಣಮೆಣಸು, ಕಾಯಿ ರುಬ್ಬಿ ಹಾಕಿ, ಬೆಲ್ಲದಲ್ಲಿ ಕುದಿಸಿದ್ದು. ಮೊದಲು ಸಿಹಿ, ಆಮೇಲೆ ಹುಳಿ, ನುಂಗಿದ ಮೇಲೆ ಖಾರ.

ಮೊಗೆಕಾಯಿ ಹಶಿ – ₹25
ಹಸಿ ಮೊಗೆಕಾಯಿ ತುರಿ, ಮೊಸರು, ಸಾಸಿವೆ ಒಗ್ಗರಣೆ. ಬಡಿಸುವ ಹೊತ್ತಿಗೇ ಮೊಸರು ಬೆರೆಸುತ್ತೇವೆ, ಮೊದಲೇ ಬೆರೆಸಿದರೆ ನೀರು ಬಿಡುತ್ತದೆ.

ಮಳೆ ಇದ್ದಷ್ಟು ದಿನ

ಕೆಸುವಿನ ಸೊಪ್ಪಿನ ಕರಕಲಿ – ₹50
ಎಳೆ ಕೆಸುವಿನ ಎಲೆಯನ್ನು ಹುಣಸೆಹುಳಿ, ಹಸಿಮೆಣಸು, ಬೆಲ್ಲದ ಜೊತೆ ಮುದ್ದೆಯಾಗುವ ತನಕ ಬೇಯಿಸಿ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಸುರಿದದ್ದು. ಹುಳಿ ಕಡಿಮೆಯಾದರೆ ಕೆಸು ಗಂಟಲು ತುರಿಸುತ್ತದೆ, ಅದಕ್ಕೇ ಇಷ್ಟು ಹುಳಿ. ಬಿಸಿ ಅನ್ನಕ್ಕೆ ಅರ್ಧ ಚಮಚ ಸಾಕು. ಬೆಳ್ಳುಳ್ಳಿ ತಿನ್ನದವರು ಮೊದಲೇ ಹೇಳಿದರೆ ಇಂಗಿನ ಒಗ್ಗರಣೆ ಕೊಡುತ್ತೇವೆ.

ಮರಕೆಸುವಿನ ಪತ್ರೊಡೆ (4 ಹೋಳು) – ₹80
ಮರದ ಕೊಂಬೆಗೆ ಅಂಟಿ ಮಳೆಯಲ್ಲಷ್ಟೇ ಚಿಗುರುವ ಕೆಸು. ಅಕ್ಕಿ, ಹುಣಸೆ, ಕೊತ್ತಂಬರಿ, ಒಣಮೆಣಸಿನ ಹಿಟ್ಟನ್ನು ಎಲೆಯ ಮೇಲೆ ಸವರಿ, ಎಲೆಯ ಮೇಲೆ ಎಲೆ ಇಟ್ಟು ಸುತ್ತಿ, ಹಬೆಯಲ್ಲಿ ಬೇಯಿಸಿ, ಕತ್ತರಿಸಿ ಕಾವಲಿಯಲ್ಲಿ ಎರಡೂ ಬದಿ ಕಾಯಿಸಿದ್ದು. ಅಂಚು ಗರಿಗರಿ, ನಡುವೆ ಮೆತ್ತಗೆ. ಶನಿವಾರ, ಭಾನುವಾರ ಮಾತ್ರ, ಏಕೆಂದರೆ ಎಲೆ ಕೊಯ್ಯಲು ಮರ ಹತ್ತುವವರು ಸಿಗುವುದು ಆಗಲೇ.

ಕಳಲೆ ಪಲ್ಯ – ₹60
ಎಳೆ ಬಿದಿರಿನ ಮೊಳಕೆಯನ್ನು ಸಣ್ಣಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸಿ ಕಹಿ, ನಂಜು ತೆಗೆದದ್ದು. ನಂತರ ಬೇಯಿಸಿ, ಹೆಸರುಕಾಳು, ಕಾಯಿ ಹಾಕಿದ ಪಲ್ಯ. ಕಳಲೆಗೆ ತನ್ನದೇ ವಾಸನೆ ಇದೆ. ಮೊದಲ ಸಲ ತಿನ್ನುವವರು ಒಂದು ಚಮಚ ರುಚಿ ನೋಡಿಯೇ ಹೇಳಿ, ಅದಕ್ಕೆ ದುಡ್ಡಿಲ್ಲ.

ಸಂಜೆ 4ರಿಂದ 7

ಸುಟ್ಟ ಹಲಸಿನ ಹಪ್ಪಳ, ಕಾಯಿ ಹೋಳು – ₹30
ಬೇಸಿಗೆಯಲ್ಲಿ ಬೆಳೆದ ಹಲಸಿನಕಾಯಿಯ ತೊಳೆ ಬೇಯಿಸಿ, ಕುಟ್ಟಿ, ತಟ್ಟಿ, ಅಂಗಳದಲ್ಲಿ ಒಣಗಿಸಿದ್ದು. ಕೆಂಡದ ಮೇಲೆ ಸುಟ್ಟು ಕೊಡುತ್ತೇವೆ. ಒಂದು ಚೂರು ಹಪ್ಪಳ, ಒಂದು ಹೋಳು ತೆಂಗಿನಕಾಯಿ, ಒಟ್ಟಿಗೆ ಅಗಿಯಿರಿ. ಕರಿದದ್ದೂ ಇದೆ, ಅದೇ ಬೆಲೆ.

ಬಾಳೆಕಾಯಿ ಪೋಡಿ (6) – ₹40
ತೆಳ್ಳಗೆ ಹೆಚ್ಚಿದ ಬಾಳೆಕಾಯಿ, ಕಡಲೆಹಿಟ್ಟು, ಓಮು. ಕೇಳಿದ ಮೇಲೆ ಕರಿಯುತ್ತೇವೆ, 10 ನಿಮಿಷ ಕಾಯಬೇಕು.

ತೊಡೆದೇವು (2) – ₹60
ಕಬ್ಬಿನ ಹಾಲಿನಲ್ಲಿ ಅಕ್ಕಿ ರುಬ್ಬಿ, ಬೋರಲು ಹಾಕಿದ ಮಡಕೆಯನ್ನು ಬೆಂಕಿಯ ಮೇಲಿಟ್ಟು, ಬಟ್ಟೆಯಿಂದ ಅದರ ಬೆನ್ನಿಗೆ ಹಿಟ್ಟು ಬಳಿದು ಎಬ್ಬಿಸಿ ಮಡಚಿದ್ದು. ಕಾಗದಕ್ಕಿಂತ ದಪ್ಪವಿಲ್ಲ. ಈಗ ಕೊಡುವುದು ಆಲೆಮನೆ ಕಾಲದಲ್ಲಿ ಮಾಡಿ ಡಬ್ಬಿಯಲ್ಲಿ ಮುಚ್ಚಿಟ್ಟದ್ದು. ಹಾಗೇ ಮುರಿದು ತಿನ್ನಿ, ಇಲ್ಲವೇ ಬಿಸಿಹಾಲು, ತುಪ್ಪ ಹಾಕಿಸಿಕೊಳ್ಳಿ. ಹಾಲು ತಾಗಿದ ಕೂಡಲೇ ಮೆತ್ತಗಾಗುತ್ತದೆ. ಬಿಸಿಬಿಸಿ ಎರೆಯುವುದನ್ನು ನೋಡಬೇಕಾದರೆ ಜನವರಿ, ಫೆಬ್ರವರಿಯಲ್ಲಿ ಬನ್ನಿ.

ಕುಡಿಯಲು

ಕಷಾಯ – ₹20
ಹುರಿದ ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸಿನ ಪುಡಿ, ಬೆಲ್ಲ, ಹಾಲು. ಪುಡಿ ವಾರಕ್ಕೊಮ್ಮೆ ಇಲ್ಲೇ ಮಾಡುತ್ತೇವೆ.

ಮುರುಗಲು ಪಾನಕ – ₹30
ಒಣ ಮುರುಗಲು ಸಿಪ್ಪೆ ನೆನೆಸಿದ ಕೆಂಪು ನೀರು, ಬೆಲ್ಲ, ಏಲಕ್ಕಿ. ಬಣ್ಣ ಹಾಕಿಲ್ಲ, ಸಿಪ್ಪೆಯ ಬಣ್ಣವೇ ಅದು.

ಮಜ್ಜಿಗೆ – ₹15
ಶುಂಠಿ, ಕರಿಬೇವು, ಉಪ್ಪು. ಊಟದವರಿಗೆ ಬೇಕಷ್ಟು.

ಚಹಾ, ಕಾಫಿ – ₹15

ಕಟ್ಟಿ ಒಯ್ಯಲು

ಮಿಡಿ ಉಪ್ಪಿನಕಾಯಿ, ಅರ್ಧ ಕಿಲೋ – ₹260
ತೊಟ್ಟು ಬಿಡದ ಹಾಗೆ ಮರದಿಂದ ಇಳಿಸಿದ ಅಪ್ಪೆಮಿಡಿ. ಪರಿಮಳವೆಲ್ಲ ಸೊನೆಯಲ್ಲಿರುತ್ತದೆ, ತೊಟ್ಟು ಕಿತ್ತರೆ ಸೋರಿಹೋಗುತ್ತದೆ. ಉಪ್ಪಿನಲ್ಲಿ ಚಿರುಟಿದ ಮೇಲೆ, ಅದೇ ಉಪ್ಪುನೀರಿನಲ್ಲಿ ಸಾಸಿವೆ, ಒಣಮೆಣಸು ರುಬ್ಬಿ ಬೆರೆಸಿದ್ದು. ಎಣ್ಣೆ ಇಲ್ಲ. ಒಣ ಚಮಚ ಹಾಕಿ, ಗಾಜಿನ ಅಥವಾ ಪಿಂಗಾಣಿ ಭರಣಿಗೆ ಬದಲಿಸಿ.

ಜೋನಿ ಬೆಲ್ಲ, 1 ಕಿಲೋ – ₹180
ಹೋದ ಹಂಗಾಮಿನದ್ದು. ತಳದಲ್ಲಿ ಹರಳು ಕಟ್ಟಿದ್ದರೆ ಕೆಟ್ಟಿದೆ ಎಂದಲ್ಲ, ಅಲುಗಾಡಿಸದೆ ಇಟ್ಟದ್ದಕ್ಕೆ ಆ ಹರಳು. ಬಸ್ಸಿನಲ್ಲಿ ಒಯ್ಯುವವರಿಗೆ ಎರಡು ಮುಚ್ಚಳದ ಡಬ್ಬಿಯಲ್ಲಿ ತುಂಬಿಕೊಡುತ್ತೇವೆ, ಡಬ್ಬಿಗೆ ₹20 ಬೇರೆ.